ಬ್ರ್ಯಾಂಡ್ ಹೆಸರಿನ ಮೆಮೊರಿ ಕಾರ್ಡ್ ನಕಲಿ ಎಂದು ಗೊತ್ತಾದಾಗ: ಹಣ ಮರಳಿ ಪಡೆಯುವ, ಮಾರಾಟಗಾರನ ಮೇಲೆ ಕ್ರಮ ಕೇಳುವ ದಾರಿ

ಕ್ಯಾಮೆರಾಕ್ಕೆಂದು ಆನ್‌ಲೈನ್ ಮಾರುಕಟ್ಟೆಯಿಂದ ತರಿಸಿಕೊಂಡಿದ್ದ 512 ಜಿಬಿ ಮೆಮೊರಿ ಕಾರ್ಡು ಹದಿನೆಂಟು ದಿನ ಯಾವ ತಕರಾರೂ ಇಲ್ಲದೆ ಕೆಲಸ ಮಾಡಿತು. ಹತ್ತೊಂಬತ್ತನೆಯ ದಿನ ತೆಗೆದ ವಿಡಿಯೋಗಳು ಪಟ್ಟಿಯಲ್ಲಿ ಕಾಣುತ್ತಿದ್ದವು, ಅವುಗಳ ಗಾತ್ರವೂ ಕಾಣುತ್ತಿತ್ತು, ಆದರೆ ಒಂದೂ ತೆರೆಯುತ್ತಿರಲಿಲ್ಲ. ಹಳೆಯ ಚಿತ್ರಗಳೆಲ್ಲ ನೆಟ್ಟಗಿದ್ದವು. ಕ್ಯಾಮೆರಾ ಕೆಟ್ಟಿರಬೇಕೆಂದು ಒಂದು ಸಂಜೆಯನ್ನು ಅದರ ಹಿಂದೆ ಕಳೆದೆ. ಕೆಟ್ಟಿದ್ದು ಕ್ಯಾಮೆರಾ ಅಲ್ಲ. ಕಾರ್ಡಿನ ಮೇಲೆ ಹೆಸರಾಂತ ಬ್ರ್ಯಾಂಡಿನ ಗುರುತಿತ್ತು, ಒಳಗೆ 32 ಜಿಬಿಯ ಚಿಪ್ ಇತ್ತು.

ನಕಲಿ ಕಾರ್ಡು ತಡವಾಗಿ ಸಿಕ್ಕಿಬೀಳುವುದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಪ್ರತಿ ಕಾರ್ಡಿನೊಳಗೂ ಮಾಹಿತಿಯನ್ನು ಎಲ್ಲಿ ಬರೆಯಬೇಕು, ಎಲ್ಲಿಂದ ಓದಬೇಕು ಎಂದು ನೋಡಿಕೊಳ್ಳುವ ಒಂದು ನಿಯಂತ್ರಕ ಚಿಪ್ ಇರುತ್ತದೆ. ‘ನನ್ನಲ್ಲಿ ಇಷ್ಟು ಜಾಗವಿದೆ’ ಎಂದು ಕಂಪ್ಯೂಟರಿಗೆ ಹೇಳುವುದೂ ಅದೇ. ನಕಲಿ ತಯಾರಿಸುವವರು ಈ ನಿಯಂತ್ರಕಕ್ಕೆ ಸುಳ್ಳು ಕಲಿಸುತ್ತಾರೆ. ಮೊದಲ ಮೂವತ್ತು ಜಿಬಿ ತುಂಬುವವರೆಗೆ ಎಲ್ಲವೂ ಸರಿ. ಆಮೇಲೆ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆಯೇ ಬಿದ್ದು ಅದನ್ನೂ ಅಳಿಸುತ್ತದೆ. ಕಡತದ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಕಾರ್ಡು ತುಂಬಲು ತಿಂಗಳುಗಳೇ ಬೇಕಾಗುವವರಿಗೆ ಮೋಸ ತಿಳಿಯುವ ಹೊತ್ತಿಗೆ ಹಿಂತಿರುಗಿಸುವ ಅವಧಿ ಮುಗಿದಿರುತ್ತದೆ.

ಶೂ, ಸುಗಂಧದ್ರವ್ಯ, ಇಯರ್‌ಫೋನ್ ಇವುಗಳಲ್ಲೂ ನಕಲಿ ಹೇರಳವಾಗಿದೆ. ಕಾರ್ಡನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣ, ಸುಳ್ಳನ್ನು ಮನೆಯಲ್ಲೇ ಅಳೆದು ತೋರಿಸಲು ಬರುತ್ತದೆ ಎಂಬುದು. ಅಳತೆಯ ಹೆಜ್ಜೆಯೊಂದನ್ನು ಬಿಟ್ಟರೆ ಉಳಿದ ದಾರಿ ಯಾವ ವಸ್ತುವಿಗಾದರೂ ಒಂದೇ.

ಹಿಂತಿರುಗಿಸುವ ಗುಂಡಿಯನ್ನು ಈಗಲೇ ಒತ್ತಬೇಡಿ

ಅನುಮಾನ ಬಂದ ಕೂಡಲೇ ಕೈ ಹೋಗುವುದು ಆ ಗುಂಡಿಯ ಕಡೆಗೆ. ಒತ್ತಿದೊಡನೆ ತಾಣವು ಕಾರಣ ಕೇಳುತ್ತದೆ. ಇಡೀ ದೂರಿನ ಭವಿಷ್ಯ ಆ ಪಟ್ಟಿಯಲ್ಲಿ ನೀವು ಆರಿಸುವ ಒಂದು ಸಾಲಿನ ಮೇಲೆ ನಿಂತಿರುತ್ತದೆ. ‘ಬೇಡವೆನಿಸಿತು’ ಎಂದರೆ ಹಿಂದಕ್ಕೆ ಕಳುಹಿಸುವ ವೆಚ್ಚ ನಿಮ್ಮ ತಲೆಗೆ ಬರಬಹುದು. ‘ಕೆಲಸ ಮಾಡುತ್ತಿಲ್ಲ’ ಎಂದರೆ ತಾಣವು ಅದನ್ನು ಕೆಟ್ಟ ವಸ್ತು ಎಂದು ದಾಖಲಿಸಿ, ಅದೇ ಮಾರಾಟಗಾರನಿಂದ ಬದಲಿ ಕಾರ್ಡು ಕಳುಹಿಸುತ್ತದೆ. ಅದು ಅದೇ ರಾಶಿಯ ಇನ್ನೊಂದು ನಕಲಿ. ಬದಲಿ ತಲುಪಿದೊಡನೆ ನಿಮ್ಮ ದೂರು ‘ಪರಿಹಾರವಾಗಿದೆ’ ಎಂದು ಮುಚ್ಚಿಹೋಗುತ್ತದೆ, ಮಾರಾಟಗಾರನ ಲೆಕ್ಕದಲ್ಲಿ ನಕಲಿಯ ದೂರು ಎಂಬುದೇ ಇರುವುದಿಲ್ಲ. ಆರಿಸಬೇಕಾದದ್ದು ‘ಅಸಲಿ ಅಲ್ಲ’ ಎಂಬ ಸಾಲು. ಅದು ಇಲ್ಲದಿದ್ದರೆ ‘ವಿವರಣೆಗೆ ಹೊಂದುವುದಿಲ್ಲ’ ಎಂಬುದು.

ಇನ್ನೊಂದು ಅಪಾಯವೂ ಇದೆ. ಕಾರ್ಡನ್ನು ಕಳುಹಿಸಿಬಿಟ್ಟ ಮೇಲೆ ನಿಮ್ಮ ಕೈಯಲ್ಲಿ ಸಾಕ್ಷ್ಯ ಉಳಿಯುವುದಿಲ್ಲ. ‘ಬಂದದ್ದು ಅಸಲಿಯೇ’ ಎಂದು ಮಾರಾಟಗಾರ ಹೇಳಿದರೆ ಮಾತಿಗೆ ಮಾತು ಆಗುತ್ತದೆ, ಅಷ್ಟೆ. ಆದ್ದರಿಂದ ಮೊದಲು ಹಿಂತಿರುಗಿಸುವ ಕೊನೆಯ ದಿನಾಂಕ ಯಾವುದೆಂದು ಆದೇಶದ ಪುಟದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ನನಗೆ ಮೂವತ್ತು ದಿನಗಳ ಅವಧಿಯಿತ್ತು, ಹನ್ನೊಂದು ದಿನ ಉಳಿದಿತ್ತು. ಮುಂದಿನ ಕೆಲಸಕ್ಕೆ ಎರಡು ದಿನ ಸಾಕು.

ನಕಲಿ ಎಂದರೆ ಯಾವುದು

ಈ ಪದವನ್ನು ಅಳೆದು ಬಳಸಬೇಕು. ವಿಶ್ವ ವ್ಯಾಪಾರ ಸಂಘಟನೆಯ ಬೌದ್ಧಿಕ ಸ್ವತ್ತಿನ ಟ್ರಿಪ್ಸ್ ಒಪ್ಪಂದವು 1995ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ನೋಂದಾಯಿತ ವ್ಯಾಪಾರ ಚಿಹ್ನೆಯನ್ನು, ಅಥವಾ ಅದರಿಂದ ಬೇರೆಯೆಂದು ಗುರುತಿಸಲಾಗದಂಥ ಚಿಹ್ನೆಯನ್ನು, ಒಡೆಯರ ಅನುಮತಿಯಿಲ್ಲದೆ ಹೊತ್ತ ಸರಕು ನಕಲಿ. ಬೇರೆ ದೇಶಕ್ಕೆಂದು ತಯಾರಾದ ಅಸಲಿ ಕಾರ್ಡು ನಿಮ್ಮ ಕೈ ಸೇರಿದ್ದರೆ ಅದು ನಕಲಿಯಲ್ಲ, ಅದಕ್ಕೆ ಖಾತರಿ ಸಿಗದೇ ಹೋಗಬಹುದು ಅಷ್ಟೆ. ಹಳೆಯದನ್ನು ಹೊಸದೆಂದು ಮಾರಿದ್ದರೆ ಅದು ಮೋಸವೇ, ಆದರೆ ಅದೂ ನಕಲಿಯಲ್ಲ. ಪೆಟ್ಟಿಗೆಯ ಮೇಲಿನ ಭಾಷೆ ಅಪರಿಚಿತವಾಗಿದೆ ಎಂಬ ಒಂದೇ ಕಾರಣಕ್ಕೆ ನಕಲಿ ಎಂದು ದೂರಿದರೆ ಮಾರಾಟಗಾರ ಖರೀದಿಯ ಬಿಲ್ಲು ತೋರಿಸಿ ಗೆಲ್ಲುತ್ತಾನೆ, ನಿಮ್ಮ ಮುಂದಿನ ಮಾತಿಗೂ ತೂಕ ಕಡಿಮೆಯಾಗುತ್ತದೆ.

ಕಾರ್ಡಿನ ವಿಷಯದಲ್ಲಿ ಜನ ಬೀಳುವ ಹಳ್ಳ ಇನ್ನೊಂದಿದೆ. 512 ಜಿಬಿಯ ಅಸಲಿ ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೂ ಸುಮಾರು 476 ಜಿಬಿ ಎಂದೇ ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ‘ಮೂವತ್ತಾರು ಜಿಬಿ ಕದ್ದಿದ್ದಾರೆ’ ಎಂಬ ದೂರನ್ನು ಯಾರೂ ಗಂಭೀರವಾಗಿ ಓದುವುದಿಲ್ಲ.

ಅಳೆಯುವುದು

ತೆರೆಯುವ ಕಡತಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಂಡು ಕಾರ್ಡನ್ನು ಖಾಲಿ ಮಾಡಿ. ಪರೀಕ್ಷೆಯ ತತ್ವ ಸರಳ: ಕಾರ್ಡು ತನ್ನಲ್ಲಿದೆ ಎಂದು ಹೇಳುವಷ್ಟೂ ಜಾಗವನ್ನು ತುಂಬಿಸಿ, ಬರೆದದ್ದು ಹಾಗೆಯೇ ಹಿಂದಕ್ಕೆ ಬರುತ್ತದೆಯೇ ಎಂದು ಓದಿ ನೋಡುವುದು. ವಿಂಡೋಸ್‌ನಲ್ಲಿ ಇದಕ್ಕೆ H2testw ಎಂಬ ಉಚಿತ ತಂತ್ರಾಂಶವಿದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ F3 ಇದೆ, ಅದನ್ನು ಹೀಗೆ ನಡೆಸುತ್ತಾರೆ. ಕಾರ್ಡು ಇರುವ ಜಾಗದ ಹೆಸರನ್ನು ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

```
f3write /media/card/
f3read /media/card/
```

ಮೊದಲ ಆದೇಶವು 1.h2w, 2.h2w ಎಂದು ಒಂದೊಂದು ಜಿಬಿಯ ಕಡತಗಳನ್ನು ಕಾರ್ಡು ತುಂಬುವವರೆಗೆ ಬರೆಯುತ್ತದೆ. ಬರೆದಾದ ಮೇಲೆ ಕಾರ್ಡನ್ನು ತೆಗೆದು ಮತ್ತೆ ಹಾಕಿ, ಆಮೇಲೆ ಎರಡನೆಯದನ್ನು ನಡೆಸಿ. ಸೆಕೆಂಡಿಗೆ 20 ಎಂಬಿ ವೇಗದಲ್ಲಿ ಬರೆಯುವುದೊಂದಕ್ಕೇ ಏಳು ಗಂಟೆಯ ಹತ್ತಿರ ಬೇಕು, ಆದ್ದರಿಂದ ರಾತ್ರಿ ಶುರುಮಾಡಿ ಮಲಗುವುದು ಲೇಸು. ಬೆಳಗ್ಗೆ ನನಗೆ ಕಂಡ ಮುಖ್ಯ ಸಾಲುಗಳು ಇವು:

```
  Data OK: 29.71 GB
Data LOST: 446.94 GB
```

ಈ ಎರಡು ಸಂಖ್ಯೆಗಳಿಗಿಂತಲೂ ಮುಖ್ಯವಾದದ್ದು ಅವುಗಳ ಮೇಲಿರುವ ಕಡತಗಳ ಪಟ್ಟಿ. ನನ್ನ ಕಾರ್ಡಿನಲ್ಲಿ ಮೊದಲ ಇಪ್ಪತ್ತೊಂಬತ್ತು ಕಡತಗಳು ಪೂರ್ತಿ ಸರಿಯಾಗಿದ್ದವು, ಮೂವತ್ತನೆಯದು ನಡುವೆ ತುಂಡಾಗಿತ್ತು, ಅಲ್ಲಿಂದ ಮುಂದೆ ಒಂದೂ ಉಳಿದಿರಲಿಲ್ಲ. ಗೋಡೆ ಕಟ್ಟಿದಂತೆ ಒಂದು ಗೆರೆಯಲ್ಲಿ ನಿಂತುಹೋಗುವುದೇ ಸುಳ್ಳು ಸಾಮರ್ಥ್ಯದ ಗುರುತು. ಅಸಲಿ ಕಾರ್ಡು ಹಳತಾಗಿ ಕೆಟ್ಟಿದ್ದರೆ ತಪ್ಪುಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಕಾರ್ಡ್ ರೀಡರ್ ಕೆಟ್ಟಿದ್ದರೂ ತಪ್ಪು ಬರಬಹುದಾದ್ದರಿಂದ ಬೇರೆ ರೀಡರ್ ಹಾಕಿ ಇನ್ನೊಮ್ಮೆ ಓದಿಸಿ. ಎರಡು ಬಾರಿಯೂ ಗೆರೆ ಅದೇ ಜಾಗದಲ್ಲಿ ಬಂದರೆ ತಾಣಕ್ಕೆ ತೋರಿಸಲು ಇದಕ್ಕಿಂತ ಗಟ್ಟಿಯಾದದ್ದು ಮನೆಯಲ್ಲಿ ಸಿಗುವುದಿಲ್ಲ. ಇಡೀ ಪರದೆಯ ಸ್ಕ್ರೀನ್‌ಶಾಟನ್ನು ದಿನಾಂಕ ಕಾಣುವಂತೆ ತೆಗೆದಿಡಿ.

ಈ ಪರೀಕ್ಷೆ ಸಾಮರ್ಥ್ಯ ಸುಳ್ಳು ಎಂದು ತೋರಿಸುತ್ತದೆ. ಕಾರ್ಡಿನ ಮೇಲಿನ ಹೆಸರು ಕದ್ದದ್ದು ಎಂದು ನೇರವಾಗಿ ತೋರಿಸುವುದಿಲ್ಲ. ಅದನ್ನು ಹೇಳಬೇಕಾದವರು ಬ್ರ್ಯಾಂಡಿನವರು.

ಚಿತ್ರಗಳು, ಪುಟಗಳು, ಬ್ರ್ಯಾಂಡಿನ ಮಾತು

ವಸ್ತುವನ್ನು ಬಿಚ್ಚುವಾಗ ತೆಗೆದ ವಿಡಿಯೋ ಇದ್ದರೆ ಒಳ್ಳೆಯದು. ನನ್ನಲ್ಲಿ ಇರಲಿಲ್ಲ. ಹೊರಗಿನ ಲಕೋಟೆಯನ್ನು ಮಾತ್ರ ಎಸೆದಿರಲಿಲ್ಲ, ಅದು ಸೋಮಾರಿತನದ ಪುಣ್ಯ. ಲಕೋಟೆಯ ಮೇಲಿನ ಚೀಟಿ, ಒಳಗಿನ ರಟ್ಟಿನ ಎರಡೂ ಬದಿ, ಬಾರ್‌ಕೋಡ್, ಕಾರ್ಡಿನ ಮುಂಭಾಗ ಮತ್ತು ಹಿಂಭಾಗ, ಇಷ್ಟನ್ನು ಹಗಲಿನ ಬೆಳಕಿನಲ್ಲಿ ಹತ್ತಿರದಿಂದ ತೆಗೆಯಿರಿ. ಹಿಂಭಾಗದಲ್ಲಿ ಕೊರೆದಿರುವ ಸಣ್ಣ ಅಂಕಿಗಳು ಓದಲು ಬರಬೇಕು. ಲಕೋಟೆಯ ಮೇಲಿನ ಸಾಗಣೆ ಸಂಖ್ಯೆ ಮತ್ತು ಕಾರ್ಡು ಒಂದೇ ಚಿತ್ರದಲ್ಲಿ ಬರುವಂತೆ ಒಂದಾದರೂ ಇರಲಿ. ಈ ಕಾರ್ಡು ಈ ಆದೇಶದಲ್ಲೇ ಬಂದದ್ದು ಎಂಬುದಕ್ಕೆ ಅದು ಕೊಂಡಿ.

ಅಷ್ಟೇ ತುರ್ತಾಗಿ ಮಾಡಬೇಕಾದದ್ದು ಮಾರಾಟದ ಪುಟವನ್ನು ಉಳಿಸಿಕೊಳ್ಳುವುದು. ದೂರು ಹೋದ ಮರುದಿನವೇ ‘512 ಜಿಬಿ, ಅಸಲಿ’ ಎಂಬ ಶೀರ್ಷಿಕೆ ಬದಲಾಗಬಹುದು, ಪುಟವೇ ಮಾಯವಾಗಬಹುದು. ಶೀರ್ಷಿಕೆ, ಬ್ರ್ಯಾಂಡಿನ ಹೆಸರು, ವಿವರಣೆ, ಮಾರಾಟಗಾರನ ಹೆಸರು ಮತ್ತು ಅವನ ಪುಟದ ವಿಳಾಸ ಕಾಣುವಂತೆ ಪಿಡಿಎಫ್ ಮಾಡಿಡಿ. ಬಿಲ್ಲನ್ನೂ ಇಳಿಸಿಕೊಳ್ಳಿ.

ಆಮೇಲೆ ಬ್ರ್ಯಾಂಡಿನ ಗ್ರಾಹಕ ವಿಭಾಗಕ್ಕೆ ಇಮೇಲ್ ಕಳುಹಿಸಿ. ಫೋನಿನಲ್ಲಿ ಸಿಗುವ ಉತ್ತರ ಎಲ್ಲಿಯೂ ತೋರಿಸಲು ಬರುವುದಿಲ್ಲ. ಕೇಳಬೇಕಾದದ್ದು ಎರಡೇ ಪ್ರಶ್ನೆ: ಈ ಸಂಖ್ಯೆಯ ಕಾರ್ಡನ್ನು ನೀವು ತಯಾರಿಸಿದ್ದೀರಾ? ಈ ಹೆಸರಿನ ಮಾರಾಟಗಾರ ನಿಮ್ಮ ಅಧಿಕೃತ ಮಾರಾಟಗಾರನೇ? ‘ಇದು ನಕಲಿ’ ಎಂದು ಚಿತ್ರ ನೋಡಿಯೇ ಬರೆದುಕೊಡಲು ಕಂಪನಿಗಳು ಹಿಂಜರಿಯುತ್ತವೆ. ನನಗೆ ಮೂರನೆಯ ದಿನ ಬಂದ ಉತ್ತರವೂ ‘ಈ ಸಂಖ್ಯೆ ನಮ್ಮ ದಾಖಲೆಯಲ್ಲಿಲ್ಲ, ಇದಕ್ಕೆ ಖಾತರಿ ಅನ್ವಯಿಸುವುದಿಲ್ಲ’ ಎಂಬ ಒಂದೂವರೆ ಸಾಲು. ತಾಣದೊಂದಿಗಿನ ಜಗಳಕ್ಕೆ ಅಷ್ಟೇ ಸಾಕಾಯಿತು. ನಿಮ್ಮ ಅವಧಿ ಮುಗಿಯುತ್ತಾ ಬಂದಿದ್ದರೆ ಈ ಉತ್ತರಕ್ಕೆ ಕಾಯದೆ ದೂರು ಕೊಟ್ಟು, ಬಂದಾಗ ಸೇರಿಸಿ.

ದೂರಿನ ಒಕ್ಕಣೆ

ತಾಣದ ಗ್ರಾಹಕ ವಿಭಾಗದಲ್ಲಿ ನಿಮ್ಮ ದೂರನ್ನು ಓದುವವರಿಗೆ ದಿನವಿಡೀ ಇಂಥವೇ ಬರುತ್ತಿರುತ್ತವೆ. ಕೋಪವನ್ನು ಬರೆದರೆ ಅವರು ಸಮಾಧಾನದ ಮಾತು ಬರೆಯುತ್ತಾರೆ, ಲೆಕ್ಕವನ್ನು ಬರೆದರೆ ಲೆಕ್ಕಕ್ಕೆ ಉತ್ತರಿಸಬೇಕಾಗುತ್ತದೆ. ನಾನು ಕಳುಹಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

‘ಈ ಆದೇಶದಲ್ಲಿ ನನಗೆ ತಲುಪಿದ ಮೆಮೊರಿ ಕಾರ್ಡು ನಕಲಿ. ಮಾರಾಟದ ಪುಟದಲ್ಲಿ 512 ಜಿಬಿ ಎಂದಿದೆ. ಪೂರ್ತಿ ತುಂಬಿಸಿ ಎರಡು ರೀಡರ್‌ಗಳಲ್ಲಿ ಓದಿಸಿದಾಗ 29.71 ಜಿಬಿ ಮಾತ್ರ ಉಳಿಯುತ್ತಿದೆ, ಉಳಿದ 446.94 ಜಿಬಿ ಅಳಿಯುತ್ತಿದೆ. ಕಾರ್ಡಿನ ಹಿಂಭಾಗದ ಸಂಖ್ಯೆ ತಮ್ಮ ದಾಖಲೆಯಲ್ಲಿಲ್ಲ ಎಂದು ಬ್ರ್ಯಾಂಡಿನವರು ಇಮೇಲ್ ಮೂಲಕ ತಿಳಿಸಿದ್ದಾರೆ. ಪರೀಕ್ಷೆಯ ಸ್ಕ್ರೀನ್‌ಶಾಟ್, ಆರು ಚಿತ್ರಗಳು, ಮಾರಾಟದ ಪುಟದ ಪ್ರತಿ ಮತ್ತು ಇಮೇಲ್ ಜೊತೆಗಿವೆ. ಸಾಗಣೆ ವೆಚ್ಚವೂ ಸೇರಿ ಪೂರ್ತಿ ಹಣ ಮರಳಿಸಬೇಕು. ಬದಲಿ ವಸ್ತು ಬೇಡ. ಕಾರ್ಡನ್ನು ಹಿಂದಕ್ಕೆ ಕಳುಹಿಸಬೇಕೇ, ನಾಶಪಡಿಸಬೇಕೇ ಎಂಬುದನ್ನು ಬರಹದಲ್ಲಿ ತಿಳಿಸಿ. ಈ ಮಾರಾಟಗಾರನ ಇದೇ ಪುಟದ ಸರಕನ್ನು ಪರಿಶೀಲಿಸಬೇಕೆಂದು ಪ್ರತ್ಯೇಕವಾಗಿ ಕೋರುತ್ತೇನೆ.’

ಇದರಲ್ಲಿ ‘ಮಾರಾಟಗಾರ ಮೋಸಗಾರ’ ಎಂಬ ಮಾತು ಬೇಕೆಂದೇ ಇಲ್ಲ. ಕೆಲವು ತಾಣಗಳು ಬೇರೆ ಬೇರೆ ಮಾರಾಟಗಾರರ ಒಂದೇ ಬಗೆಯ ಸರಕನ್ನು ತಮ್ಮ ಗೋದಾಮಿನಲ್ಲಿ ಒಟ್ಟಿಗೆ ಇಡುವ ಪದ್ಧತಿ ನಡೆಸಿವೆ. ಒಬ್ಬನ ಹೆಸರಿನ ಆದೇಶಕ್ಕೆ ಇನ್ನೊಬ್ಬನು ತಂದಿಟ್ಟ ವಸ್ತು ಹೋಗಬಹುದು. ‘ನನಗೆ ತಲುಪಿದ ವಸ್ತು ನಕಲಿ’ ಎಂಬುದನ್ನು ನೀವು ತೋರಿಸಬಲ್ಲಿರಿ. ಅದನ್ನು ಅಲ್ಲಿಟ್ಟವನು ಯಾರು ಎಂಬುದನ್ನು ಗೋದಾಮಿನ ದಾಖಲೆ ಇರುವ ತಾಣವೇ ಹುಡುಕಬೇಕು. ಸರಕು ತಾಣದ ಗೋದಾಮಿನಿಂದ ಬಂದಿದೆಯೋ ಮಾರಾಟಗಾರನೇ ಕಳುಹಿಸಿದ್ದೋ ಎಂಬುದು ಆದೇಶದ ಪುಟದಲ್ಲಿ ಕಂಡರೆ ಅದನ್ನೂ ದೂರಿನಲ್ಲಿ ಸೇರಿಸಿ.

ಕಳುಹಿಸಬೇಕೇ ನಾಶಪಡಿಸಬೇಕೇ ಎಂದು ಕೇಳುವುದಕ್ಕೂ ಕಾರಣವಿದೆ. ಹಿಂದಕ್ಕೆ ಹೋದ ನಕಲಿ ಮತ್ತೆ ಇನ್ನೊಬ್ಬರಿಗೆ ಮಾರಾಟವಾಗಬಹುದು. ಆದರೆ ತಾಣವು ಕಳುಹಿಸಿ ಎಂದು ಹಟ ಹಿಡಿದರೆ ಕಳುಹಿಸಿ. ನಿರಾಕರಿಸಿದರೆ ಹಣ ಸಿಗುವುದಿಲ್ಲ. ಕಳುಹಿಸುವ ಮುನ್ನ ಪೊಟ್ಟಣ ಕಟ್ಟುವುದನ್ನು ವಿಡಿಯೋ ಮಾಡಿ, ತೂಕ ನಮೂದಿಸಿದ ರಸೀದಿ ಪಡೆಯಿರಿ.

ಮಾರಾಟಗಾರನ ಸಿಹಿ ಮಾತು

ದೂರು ದಾಖಲಾದ ಕೆಲವೇ ಗಂಟೆಗಳಲ್ಲಿ ಮಾರಾಟಗಾರನಿಂದ ಸಂದೇಶ ಬಂತು. ಅರ್ಧ ಹಣ ಕೊಡುತ್ತೇನೆ, ಕಾರ್ಡು ಇಟ್ಟುಕೊಳ್ಳಿ, ದೂರನ್ನು ಮಾತ್ರ ಮುಚ್ಚಿ ಎಂದು. ಒಪ್ಪಲಿಲ್ಲವೆಂದಾಗ ಪೂರ್ತಿ ಕೊಡುತ್ತೇನೆ, ಮೊದಲು ಮುಚ್ಚಿ ಎಂದ. ಆ ‘ಮೊದಲು’ ಎಂಬ ಪದವನ್ನು ಗಮನಿಸಿ. ಅನೇಕ ತಾಣಗಳಲ್ಲಿ ಖರೀದಿದಾರರೇ ಮುಚ್ಚಿದ ದೂರನ್ನು ಮತ್ತೆ ತೆರೆಯಲು ಬರುವುದಿಲ್ಲ. ಹಣ ಖಾತೆಗೆ ಬಂದ ಮೇಲೆ ದೂರು ತಾನಾಗಿಯೇ ಮುಚ್ಚುತ್ತದೆ, ನೀವು ಮುಚ್ಚಬೇಕಾದ ಅಗತ್ಯವೇ ಇಲ್ಲ. ತಾಣದ ಹೊರಗೆ, ಬೇರೆ ಸಂದೇಶ ಸೇವೆಯಲ್ಲಿ ಮಾತಾಡೋಣ ಎಂದರೂ ಹೋಗಬೇಡಿ. ಅಲ್ಲಿ ಆಡಿದ ಮಾತು ತಾಣದ ದಾಖಲೆಯಲ್ಲಿ ಇರುವುದಿಲ್ಲ.

ತಾಣದ ಮೊದಲ ಉತ್ತರ ನನಗೆ ‘ಬದಲಿ ಕಳುಹಿಸುತ್ತೇವೆ’ ಎಂದೇ ಬಂತು. ಅದು ಬಹುಶಃ ಯಾರೂ ಓದದೆ ಹೋದ ಉತ್ತರ. ಬದಲಿ ಬೇಡ ಎಂಬ ಸಾಲನ್ನೇ ಎತ್ತಿ ತೋರಿಸಿ, ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಅದೇ ದೂರಿನ ಸಂಖ್ಯೆಯಡಿ ಉತ್ತರಿಸಿದೆ. ಹೊಸ ದೂರು ತೆರೆದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವಸ್ತು ತಲುಪಿದ ಇಪ್ಪತ್ತೇಳನೆಯ ದಿನ ಪೂರ್ತಿ ಹಣ ಮರಳಿತು.

ತಾಣ ಕೈಕೊಟ್ಟರೆ ಬ್ಯಾಂಕು

ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನ ಮೂಲಕ ಹಣ ಕೊಟ್ಟಿದ್ದರೆ, ಆ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ವಿವಾದ ಹೂಡಬಹುದು. ಚಾರ್ಜ್‌ಬ್ಯಾಕ್ ಎನ್ನುವುದು ಇದನ್ನೇ. ಇಲ್ಲಿಯೂ ವರ್ಗವೇ ಮುಖ್ಯ. ವೀಸಾ ನಿಯಮಗಳಲ್ಲಿ ನಕಲಿ ಸರಕಿಗೆಂದೇ 13.4 ಎಂಬ ಸಂಕೇತವಿದೆ. ವಿವರಣೆಗೆ ಹೊಂದದ ಅಥವಾ ದೋಷವಿರುವ ಸರಕಿಗೆ 13.3. ಎರಡರ ವ್ಯತ್ಯಾಸ ದೊಡ್ಡದು. 13.3ರಲ್ಲಿ ವಸ್ತುವನ್ನು ಹಿಂತಿರುಗಿಸಿದ್ದೀರಿ, ಇಲ್ಲವೇ ಹಿಂತಿರುಗಿಸಲು ಯತ್ನಿಸಿದ್ದೀರಿ ಎಂದು ತೋರಿಸಬೇಕು. 13.4ರಲ್ಲಿ ಆ ಷರತ್ತಿಲ್ಲ, ಆದರೆ ವಸ್ತು ನಕಲಿ ಎಂಬ ಮಾತು ನಿಮ್ಮದಾಗಿರಬಾರದು. ಚಿಹ್ನೆಯ ಒಡೆಯರು, ಸುಂಕ ಇಲಾಖೆ ಅಥವಾ ಪರಿಣತರಂಥ ಹೊರಗಿನವರದ್ದಾಗಿರಬೇಕು. ಬ್ರ್ಯಾಂಡಿನ ಆ ಒಂದೂವರೆ ಸಾಲಿನ ಇಮೇಲಿನ ಬೆಲೆ ಇಲ್ಲಿ ತಿಳಿಯುತ್ತದೆ. ಅದು ಸಿಗದಿದ್ದರೆ 13.3ರ ದಾರಿಯೇ ಸುರಕ್ಷಿತ, ಸಾಮರ್ಥ್ಯದ ಪರೀಕ್ಷೆ ಅಲ್ಲಿ ಚೆನ್ನಾಗಿ ನಿಲ್ಲುತ್ತದೆ. ಮಾಸ್ಟರ್‌ಕಾರ್ಡ್‌ನಲ್ಲಿ ಇಂಥ ವಿವಾದಗಳೆಲ್ಲ 4853 ಎಂಬ ಒಂದೇ ಸಂಕೇತದಡಿ ಬರುತ್ತವೆ.

ಸಂಕೇತವನ್ನು ಹಾಕುವವರು ಬ್ಯಾಂಕಿನವರೇ. ನೀವು ಅರ್ಜಿಯಲ್ಲಿ ‘ನಕಲಿ’ ಎಂಬ ಪದವನ್ನೂ ಬ್ರ್ಯಾಂಡಿನ ಉತ್ತರವನ್ನೂ ಮೊದಲ ಸಾಲಿನಲ್ಲೇ ಇಟ್ಟರೆ ಸರಿಯಾದದ್ದನ್ನು ಹಾಕುವ ಸಾಧ್ಯತೆ ಹೆಚ್ಚು. ಅವಧಿ ಸಾಮಾನ್ಯವಾಗಿ 120 ದಿನ. ತಾಣದೊಂದಿಗೆ ಮೊದಲು ಪ್ರಯತ್ನಿಸಿದ ದಾಖಲೆಯನ್ನು ಬ್ಯಾಂಕು ಕೇಳುತ್ತದೆ. ತಾಣದಲ್ಲಿ ದೂರು ನಡೆಯುತ್ತಿರುವಾಗಲೇ ಬ್ಯಾಂಕಿಗೂ ಹೋದರೆ ತಾಣವು ತನ್ನ ಕಡೆಯದನ್ನು ನಿಲ್ಲಿಸಿಬಿಡಬಹುದು, ಆದ್ದರಿಂದ ಒಂದರ ನಂತರ ಒಂದು. ನಗದು ಕೊಟ್ಟು ಪಡೆದ ವಸ್ತುವಿಗೆ ಈ ದಾರಿ ಇಲ್ಲ.

ಮಾರಾಟಗಾರನ ಮೇಲೆ ಕ್ರಮ

ಹಣ ಮರಳಿತೆಂದರೆ ಮಾರಾಟಗಾರನ ಮೇಲೆ ಕ್ರಮವಾಯಿತು ಎಂದಲ್ಲ. ಹಣದ ದೂರು ಒಂದು ವಿಭಾಗಕ್ಕೆ ಹೋಗುತ್ತದೆ, ನಕಲಿ ಸರಕಿನ ವರದಿ ಇನ್ನೊಂದಕ್ಕೆ. ಮಾರಾಟದ ಪುಟದಲ್ಲಿ ‘ಈ ವಸ್ತುವಿನ ಬಗ್ಗೆ ವರದಿ ಮಾಡಿ’ ಎಂಬ ಕೊಂಡಿ ಇದ್ದರೆ ಅಲ್ಲಿ ಬೇರೆಯಾಗಿಯೇ ಬರೆಯಬೇಕು. ವ್ಯಾಪಾರ ಚಿಹ್ನೆಯ ಉಲ್ಲಂಘನೆ ಎಂಬ ಔಪಚಾರಿಕ ನಮೂನೆಯೂ ಕಾಣಬಹುದು. ಅದನ್ನು ತುಂಬಬೇಡಿ, ಅದು ಚಿಹ್ನೆಯ ಒಡೆಯರಿಗೆ ಮಾತ್ರ.

ಪುಟವನ್ನು ಇಳಿಸುವ ಬಲ ಒಡೆಯರ ನಮೂನೆಗೇ ಹೆಚ್ಚು. ಅದಕ್ಕಾಗಿ ಬ್ರ್ಯಾಂಡಿಗೆ ಎರಡನೆಯ ಇಮೇಲ್ ಬರೆಯುವುದು ಬುದ್ಧಿವಂತಿಕೆ. ಪುಟದ ವಿಳಾಸ, ಮಾರಾಟಗಾರನ ಹೆಸರು, ಚಿತ್ರಗಳು, ಪರೀಕ್ಷೆಯ ಫಲಿತಾಂಶ ಕಳುಹಿಸಿ, ಕಾರ್ಡನ್ನು ಬೇಕಾದರೆ ಕೊಡಬಲ್ಲೆ ಎಂದು ಹೇಳಿ. ಬ್ರ್ಯಾಂಡಿನ ವಕೀಲರು ಸಾಕ್ಷ್ಯಕ್ಕಾಗಿ ತಾವೇ ಹಣ ಕೊಟ್ಟು ಇಂಥ ವಸ್ತುಗಳನ್ನು ತರಿಸಿಕೊಳ್ಳುವುದುಂಟು, ನೀವು ಅದನ್ನು ಪುಕ್ಕಟೆ ಕೊಡುತ್ತಿದ್ದೀರಿ.

ವಿಮರ್ಶೆಯನ್ನೂ ಬರೆಯಿರಿ, ಅಳತೆಯ ಭಾಷೆಯಲ್ಲೇ: ‘ನನಗೆ ತಲುಪಿದ ಕಾರ್ಡಿನಲ್ಲಿ 29.71 ಜಿಬಿ ಮಾತ್ರ ಉಳಿಯಿತು.’ ಬೈಗುಳವಿದ್ದರೆ ಅದನ್ನೇ ನೆಪ ಮಾಡಿ ತಾಣವು ತೆಗೆದುಹಾಕುತ್ತದೆ. ನನ್ನದು ಈಗಲೂ ಇದೆ, ಆದರೆ ಆ ಪುಟವನ್ನು ಈಗ ಯಾರೂ ನೋಡುವುದಿಲ್ಲ. ಐದು ವಾರಗಳ ನಂತರ ಅಲ್ಲಿ ‘ಲಭ್ಯವಿಲ್ಲ’ ಎಂದು ಬಂತು. ಅದಾಗಿ ಹತ್ತು ದಿನಕ್ಕೆ ಅದೇ ಚಿತ್ರ, ಅದೇ ಕಾಗುಣಿತ ತಪ್ಪಿನ ವಿವರಣೆ ಬೇರೆ ಮಾರಾಟಗಾರನ ಹೆಸರಿನಲ್ಲಿ ಕಾಣಿಸಿಕೊಂಡಿತು. ಆ ವಿಳಾಸವನ್ನೂ ಬ್ರ್ಯಾಂಡಿಗೆ ಹಳೆಯ ಇಮೇಲಿನ ಕೆಳಗೇ ಕಳುಹಿಸಿದೆ.

ನಾಶಪಡಿಸಿ ಎಂದು ತಾಣ ಹೇಳಿದ್ದರಿಂದ ಕಾರ್ಡು ನನ್ನಲ್ಲೇ ಉಳಿಯಿತು. ಬ್ರ್ಯಾಂಡಿನವರು ಕೇಳಬಹುದು ಎಂದು, ಮರಳಿದ ಹಣವನ್ನು ಮಾರಾಟಗಾರ ಪ್ರಶ್ನಿಸಬಹುದು ಎಂದು ಅದನ್ನು ಬಂದ ಲಕೋಟೆಯಲ್ಲೇ, ಮೇಲೆ ‘ನಕಲಿ’ ಎಂದು ಬರೆದು 120 ದಿನ ಇಟ್ಟಿದ್ದೆ. ಮೂವತ್ತು ಜಿಬಿ ಹೇಗೂ ಸರಿಯಿದೆಯಲ್ಲ, ಯಾರಿಗಾದರೂ ಕೊಡು ಎಂದವರಿದ್ದರು. 121ನೆಯ ದಿನ ಕತ್ತರಿಯಿಂದ ನಡುವೆ ತುಂಡರಿಸಿ, ಅದರ ಚಿತ್ರವನ್ನೂ ಆ ಆದೇಶದ ಕಡತಗಳ ಜೊತೆಗೆ ಸೇರಿಸಿಟ್ಟೆ.